ಕೋರ್ಟಿನಿಂದ ಕಾಗದ ಬಂದರೆ ಮೊದಲು ಯಾವುದೆಂದು ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮಾವನಿಗೆ ಚೆಕ್ ಕೇಸಿನಲ್ಲಿ ಸಮನ್ಸ್ ಬಂದಿತ್ತು. ಮಲಯಾಳದಲ್ಲಿತ್ತು, ಓದಲು ಬರಲಿಲ್ಲ, ಅತ್ತೆ ಸಹಿ ಹಾಕಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟರು. ಮನೆಯ ದೊಡ್ಡವರು ಯಾರು ತೆಗೆದುಕೊಂಡರೂ ಅದು ತಲುಪಿದ ಹಾಗೇ ಲೆಕ್ಕ.

ಸಮನ್ಸ್ ಅಂದರೆ ಇಂಥ ದಿನ ಬನ್ನಿ ಎಂಬ ಕರೆ ಅಷ್ಟೇ, ಯಾರೂ ಹಿಡಿಯುವುದಿಲ್ಲ. ಮಾವ ಹೋಗಲಿಲ್ಲ, ಜಾಮೀನು ಸಿಗುವ ವಾರಂಟ್ ಬಂತು. ಇದರಲ್ಲಿ ಎಷ್ಟು ಮೊತ್ತ, ಎಷ್ಟು ಜನ ಜಾಮೀನುದಾರರು ಅಂತ ಕೋರ್ಟೇ ಬರೆದಿರುತ್ತದೆ. ಅಷ್ಟಕ್ಕೆ ಬಾಂಡ್ ಬರೆದುಕೊಟ್ಟರೆ ಪೊಲೀಸರೇ ಬಿಡಬೇಕು, ಆದರೆ ಬಾಂಡಿನಲ್ಲಿರುವ ದಿನ ಕೋರ್ಟಿಗೆ ಹೋಗಲೇಬೇಕು. ಮಾವ ಅದನ್ನೂ ತಪ್ಪಿಸಿದರು.

ಆಮೇಲೆ ಬಂದದ್ದು ಜಾಮೀನುರಹಿತ ವಾರಂಟ್. ಇದರಲ್ಲಿ ಠಾಣೆಯಲ್ಲಿ ಬಿಡುವ ಅಧಿಕಾರವೇ ಇಲ್ಲ, ಹಿಡಿದು ಕೋರ್ಟಿನ ಮುಂದೆ ನಿಲ್ಲಿಸಬೇಕು. ಹಾಗಂತ ಜಾಮೀನೇ ಸಿಗುವುದಿಲ್ಲ ಅಂತಲ್ಲ, ಕೊಡುವುದು ಜಡ್ಜ್, ಅಷ್ಟೇ ವ್ಯತ್ಯಾಸ. ಸುಮ್ನೆ ಅಡಗಿ ಕೂತರೆ ಪ್ರಯೋಜನವಿಲ್ಲ, ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಹಾಗೇ ಇರುತ್ತದೆ, ಹಳೆಯದಾಯಿತು ಅಂತ ಸಾಯುವುದಿಲ್ಲ. ಕೊನೆಗೆ ಮಾವ ವಕೀಲರ ಜೊತೆ ತಾವೇ ಹೋಗಿ ವಾರಂಟ್ ರದ್ದು ಮಾಡಲು ಅರ್ಜಿ ಕೊಟ್ಟರು, ಇಬ್ಬರು ಜಾಮೀನುದಾರರು ಜಾಗದ ತೆರಿಗೆ ರಶೀದಿ ಹಿಡಿದು ಜೊತೆಗೆ ನಿಂತರು, ಸಂಜೆಗೆ ಮನೆಗೆ ಬಂದರು.

ಮಲಯಾಳ ಬಾರದಿದ್ದರೆ ಅದೇ ದಿನ ಯಾರಿಂದಾದರೂ ಓದಿಸಿ, ಕೇಸ್ ನಂಬರ್ ಮತ್ತು ತಾರೀಕು ಬರೆದಿಟ್ಟುಕೊಳ್ಳಿ.