ಆ 2.76 ಎಲ್ಲಿಂದ ಬಂತು? ಕನಿಷ್ಠ ವೇತನದ ಬಗ್ಗೆ ಪ್ರಬಂಧ ಬರೆದ ನನ್ನ ಅನುಭವ

ಎಂ.ಎ. ಎರಡನೇ ವರ್ಷದಲ್ಲಿ ಕಾರ್ಮಿಕ ಅರ್ಥಶಾಸ್ತ್ರಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ಕನಿಷ್ಠ ವೇತನ ಹೆಚ್ಚಿಸಿದರೆ ಕೆಲಸ ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಅಧ್ಯಯನಗಳು ಏನು ಹೇಳುತ್ತವೆ ಎಂದು ನೋಡುವುದು ವಿಷಯ. ಮೊದಲ ಕರಡಿನಲ್ಲಿ ಕಡಿಮೆಯಾಗುತ್ತದೆ ಎನ್ನುವವರನ್ನು ಒಂದು ಕಡೆ, ಆಗುವುದಿಲ್ಲ ಎನ್ನುವವರನ್ನು ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಿದ್ದೆ. ಮೇಡಂ ಓದಿ, ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅವರ ಅಂಕಿಯ ಕೆಳಗೆ ಗೆರೆ ಎಳೆದು ಒಂದೇ ಮಾತು ಕೇಳಿದರು: "ಈ 2.76 ಎಲ್ಲಿಂದ ಬಂತು?" ನನಗೆ ಹೇಳಲಾಗಲಿಲ್ಲ. ಮನೆಗೆ ಬಂದು ಅವರ ಅಧ್ಯಯನದಲ್ಲಿ ಆ ಅಂಕಿ ಇದ್ದ ಕೋಷ್ಟಕವನ್ನು ಕೈಯಲ್ಲೇ ಬರೆದುಕೊಂಡೆ.

1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಿಕೆ ಇರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳಿಗೆ ಏರಿಕೆಗೆ ಮುಂಚೆ ಒಮ್ಮೆ, ವರ್ಷದ ಕೊನೆಗೆ ಇನ್ನೊಮ್ಮೆ ಫೋನ್ ಮಾಡಿಸಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೇಳಿಸಿದರು. ಇಬ್ಬರು ಅರೆಕಾಲಿಕ ಕೆಲಸಗಾರರನ್ನು ಒಬ್ಬ ಪೂರ್ಣಾವಧಿ ಕೆಲಸಗಾರನೆಂದು ಎಣಿಸಿದರು.

ನ್ಯೂಜೆರ್ಸಿಯಲ್ಲಿ ಅಂಗಡಿಗೆ ಸರಾಸರಿ 20.44 ಇದ್ದದ್ದು 21.03 ಆಯಿತು. ಪೆನ್ಸಿಲ್ವೇನಿಯಾದಲ್ಲಿ 23.33 ಇದ್ದದ್ದು 21.17ಕ್ಕೆ ಇಳಿಯಿತು. ಒಂದು ಕಡೆಯ ಬದಲಾವಣೆಯಲ್ಲಿ ಇನ್ನೊಂದು ಕಡೆಯದನ್ನು ಕಳೆದರೆ 2.75; ದಶಮಾಂಶಗಳನ್ನು ಮೊಟಕುಗೊಳಿಸಿದ್ದರಿಂದ ಇಷ್ಟು ವ್ಯತ್ಯಾಸ, ಕೋಷ್ಟಕದಲ್ಲಿರುವುದು 2.76. ಬರೆದುಕೊಂಡಾಗ ಕಣ್ಣಿಗೆ ಬಿದ್ದದ್ದು ಇದು: ನ್ಯೂಜೆರ್ಸಿ ಏರಿದ್ದು ಬರೀ 0.59. ಉಳಿದದ್ದೆಲ್ಲ ಪೆನ್ಸಿಲ್ವೇನಿಯಾ ಇಳಿದದ್ದರಿಂದ ಬಂದದ್ದು. ಅಂದರೆ ವೇತನ ಏರದಿದ್ದರೆ ನ್ಯೂಜೆರ್ಸಿಯೂ ಹಾಗೇ ಇಳಿಯುತ್ತಿತ್ತು ಎಂದು ಒಪ್ಪಿದರೆ ಮಾತ್ರ ಈ ಅಂಕಿ ನಿಲ್ಲುತ್ತದೆ.

ಒಪ್ಪಬಹುದೇ? ಉತ್ತರದ ಸುಳಿವು ಅದೇ ಕೋಷ್ಟಕದಲ್ಲಿತ್ತು. ನ್ಯೂಜೆರ್ಸಿಯಲ್ಲೇ ಕೆಲವು ಅಂಗಡಿಗಳು ಮೊದಲೇ 5 ಡಾಲರ್ ಅಥವಾ ಜಾಸ್ತಿ ಕೊಡುತ್ತಿದ್ದವು. ಹೊಸ ಕಾನೂನು ಅವುಗಳನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಅಲ್ಲಿ 22.25 ಇದ್ದದ್ದು 20.21ಕ್ಕೆ ಇಳಿದಿತ್ತು. ಪೆನ್ಸಿಲ್ವೇನಿಯಾದಷ್ಟೇ ಇಳಿತ, ಅಲ್ವಾ? 4.25 ಕೊಡುತ್ತಿದ್ದ ಅಂಗಡಿಗಳಲ್ಲಿ ಮಾತ್ರ 19.56ರಿಂದ 20.88ಕ್ಕೆ ಏರಿತ್ತು. ಗಡಿ ದಾಟದೆ ಹೋಲಿಸಿದರೂ ದಿಕ್ಕು ಬದಲಾಗುವುದಿಲ್ಲ ಎಂದು ಕಂಡಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಒಂದು ಅನುಮಾನ ಉಳಿಯಿತು. ಎರಡೂ ಹೋಲಿಕೆಗಳಲ್ಲಿ ಇಳಿದದ್ದು ಮೊದಲೇ ಹೆಚ್ಚು ಜನರಿದ್ದ ಗುಂಪು. ಫೋನಿನಲ್ಲಿ ಅಂದಾಜಿನ ಮೇಲೆ ಸಿಕ್ಕ ಅಂಕಿಯಲ್ಲಿ ತಪ್ಪು ಇದ್ದೇ ಇರುತ್ತದೆ. ಮೊದಲ ಸಲ ಜಾಸ್ತಿ ಹೇಳಿದವರು ಎರಡನೇ ಸಲ ಸರಾಸರಿಯ ಕಡೆಗೆ ಬರುವುದು ಸಹಜ. ಹಾಗಾಗಿ 2.76 ಅನ್ನು ಅಕ್ಷರಶಃ ನಂಬಲಿಲ್ಲ. ಶುರುವಿನ ಸಂಬಳ ಸರಾಸರಿ 4.61ರಿಂದ 5.08ಕ್ಕೆ, ಅಂದರೆ ಶೇ. 10ರಷ್ಟು ಏರಿದ್ದಕ್ಕೆ ಕೆಲಸ ಶೇ. 13ರಷ್ಟು ಹೆಚ್ಚಾಯಿತು ಎನ್ನುವುದು ತೀರಾ ದೊಡ್ಡ ಮಾತು. 2.76ರ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬುದರ ಅಳತೆ, 1.36. ನಿಜವಾದ ಪರಿಣಾಮ ಸೊನ್ನೆಯ ಹತ್ತಿರ ಇದ್ದರೂ ಆಶ್ಚರ್ಯವಿಲ್ಲ. ದೊಡ್ಡ ಇಳಿಕೆಗೆ ಮಾತ್ರ ಅಲ್ಲಿ ಪುರಾವೆ ಇಲ್ಲ.

2000ರಲ್ಲಿ ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಅಂಗಡಿಗಳ ಪೇರೋಲ್ ದಾಖಲೆ ತೆಗೆದು ನೋಡಿ, ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ನ್ಯೂಜೆರ್ಸಿಯಲ್ಲಿ ಕೆಲಸ ಸುಮಾರು ಶೇ. 4 ಕಡಿಮೆಯಾಗಿದೆ ಎಂದರು. ಅದೇ ವರ್ಷ ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆಗಳಿಂದ ಉತ್ತರ ಕೊಟ್ಟರು. ಅಲ್ಲಿ ಗಮನಿಸುವಂಥ ಇಳಿಕೆ ಕಾಣಲಿಲ್ಲ. ಮೊದಲ ಕರಡಿನಲ್ಲಿ ಇದನ್ನು ಒಂದಕ್ಕೊಂದು ಸಮ ಎಂದು ಬಿಟ್ಟಿದ್ದೆ. ಈ ಸಲ ಯಾವ ದಾಖಲೆ ಏನನ್ನು ಎಣಿಸುತ್ತದೆ ಎಂದು ನೋಡಿದೆ. ಪೇರೋಲ್ ದಾಖಲೆಯ ಒಂದು ಭಾಗವನ್ನು ಮೊದಲು ಸೇರಿಸಿದ್ದು ರೆಸ್ಟೋರೆಂಟ್ ಉದ್ಯಮದ ಪರವಾದ ಒಂದು ಸಂಸ್ಥೆ. ಹಾಗಾಗಿ ಅಂಗಡಿಗಳ ಆಯ್ಕೆಯ ಬಗ್ಗೆ ಪ್ರಶ್ನೆ ಏಳುತ್ತದೆ. ಸರ್ಕಾರಿ ದಾಖಲೆ ಮಾಲೀಕರು ಕಡ್ಡಾಯವಾಗಿ ಕೊಡುವಂಥದ್ದು, ಅದಕ್ಕೇ ನಾನು ಹೆಚ್ಚು ತೂಕ ಕೊಟ್ಟೆ. ಆದರೆ ಅದು ತಲೆ ಎಣಿಸುತ್ತದೆ, ಗಂಟೆ ಎಣಿಸುವುದಿಲ್ಲ. ಪೇರೋಲ್‌ನಲ್ಲಿ ಗಂಟೆಗಳೇ ಇವೆ. ಯಾರನ್ನೂ ತೆಗೆಯದೆ ಒಬ್ಬೊಬ್ಬರ ಗಂಟೆ ಕಡಿಮೆ ಮಾಡಿದ್ದರೆ ಎರಡೂ ಒಟ್ಟಿಗೆ ನಿಜವಾಗಬಹುದು.

ಕರ್ನಾಟಕದ ಬಗ್ಗೆ ಒಂದು ಪ್ಯಾರಾ ಇತ್ತು, ತೆಗೆದೆ. ನಮ್ಮಲ್ಲಿ ಕನಿಷ್ಠ ವೇತನ ಉದ್ಯೋಗಕ್ಕೊಂದು, ವಲಯಕ್ಕೊಂದು. ನ್ಯೂಜೆರ್ಸಿಯ ಬರ್ಗರ್ ಅಂಗಡಿಯ ಎಂಟು ತಿಂಗಳ ಅಂಕಿಯನ್ನು ಇಲ್ಲಿನ ಗಾರ್ಮೆಂಟ್ಸ್‌ಗೆ ಸುಮ್ನೆ ಹೊದಿಸಲಾಗದು.

ಕೊನೆಗೆ ಬರೆದ ತೀರ್ಮಾನ ಇಷ್ಟೇ: ಈ ಪ್ರಮಾಣದ ಏರಿಕೆಯಿಂದ ಅಲ್ಲಿ ಕೆಲಸಗಾರರ ಸಂಖ್ಯೆ ಅಷ್ಟೇನೂ ಇಳಿದಿಲ್ಲ, ಗಂಟೆಗಳ ವಿಷಯ ಇನ್ನೂ ಬಗೆಹರಿದಿಲ್ಲ. ಮೇಡಂ ಎರಡನೇ ಮಾತಿನ ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು.