ಗಾಜಿನ ಮಸೂರವನ್ನು ನೀರಿಗಿಳಿಸಿದಾಗ ಸಂಗಮದೂರ ಲೆಕ್ಕ ಹಾಕುವುದು ಹೇಗೆ?

ಪಿಯುಸಿ ಭೌತಶಾಸ್ತ್ರದ ಉತ್ತರ ಪತ್ರಿಕೆಗಳಲ್ಲಿ ಒಂದು ಲೆಕ್ಕ ಮತ್ತೆ ಮತ್ತೆ ಕೆಡುವುದನ್ನು ನೋಡಿದ್ದೇನೆ. ಗಾಳಿಯಲ್ಲಿ 20 ಸೆಂ.ಮೀ. ಸಂಗಮದೂರವಿರುವ ಪೀನ ಮಸೂರವನ್ನು ನೀರಿನಲ್ಲಿ ಮುಳುಗಿಸಿದರೆ ಸಂಗಮದೂರ ಎಷ್ಟಾಗುತ್ತದೆ ಎಂದು ಕೇಳಿದರೆ, ಹಲವರು 20ನ್ನು ನೀರಿನ ವಕ್ರೀಭವನ ಸೂಚ್ಯಂಕ 1.33ರಿಂದ ಗುಣಿಸಿ 26.6 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಸರಿಯಾದ ಉತ್ತರ ಅದರ ಮೂರು ಪಟ್ಟು, ಅಂದರೆ 80 ಸೆಂ.ಮೀ.

ಮೊದಲ ಹಂತದಲ್ಲಿ ಗಾಳಿಯಲ್ಲಿನ ಸಂಗಮದೂರ ಬೇಕು. ಕಿಟಕಿಯಾಚೆಯ ದೂರದ ಮರದ ಬಿಂಬವನ್ನು ಎದುರು ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡಿಸಿ, ಮಸೂರದಿಂದ ಗೋಡೆಗಿರುವ ಅಂತರವನ್ನು ಅಳೆದರೆ ಸಾಕು.

ಎರಡನೆಯ ಹಂತವೇ ಕಠಿಣವಾದದ್ದು. ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಗಾಜಿನ ಸೂಚ್ಯಂಕವೊಂದೇ ನಿರ್ಧರಿಸುವುದಿಲ್ಲ. ಗಾಜಿನ ಸೂಚ್ಯಂಕವನ್ನು ಸುತ್ತಲಿನ ಮಾಧ್ಯಮದ ಸೂಚ್ಯಂಕದಿಂದ ಭಾಗಿಸಿ, ಬಂದದ್ದರಿಂದ 1ನ್ನು ಕಳೆದಾಗ ಉಳಿಯುವ ಸಂಖ್ಯೆ ನಿರ್ಧರಿಸುತ್ತದೆ. ಮಸೂರದ ಆಕಾರ ಗಾಳಿಯಲ್ಲಿಯೂ ನೀರಿನಲ್ಲಿಯೂ ಒಂದೇ ಆಗಿರುವುದರಿಂದ ವಕ್ರತಾ ತ್ರಿಜ್ಯಗಳು ಲೆಕ್ಕದಿಂದ ಹೊರಬೀಳುತ್ತವೆ.

```
f(ನೀರು) = f(ಗಾಳಿ) × (n_g − 1) / (n_g/n_w − 1)
```

ಇಲ್ಲಿ n_g ಗಾಜಿನ ಸೂಚ್ಯಂಕ, n_w ನೀರಿನದು. ಸಾಮಾನ್ಯ ಗಾಜಿಗೆ 3/2, ನೀರಿಗೆ 4/3 ಎಂದು ಭಿನ್ನರಾಶಿಯಲ್ಲಿಯೇ ಇಟ್ಟುಕೊಳ್ಳಿ. ದಶಮಾಂಶಕ್ಕೆ ಇಳಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಭಾಗಿಸಿದರೆ 9/8 ಬರುತ್ತದೆ, 1 ಕಳೆದರೆ 1/8 ಉಳಿಯುತ್ತದೆ. ಗಾಳಿಯಲ್ಲಿ ಈ ಸಂಖ್ಯೆ 1/2 ಇತ್ತು. ಆದ್ದರಿಂದ ಸಂಗಮದೂರ ನಾಲ್ಕು ಪಟ್ಟಾಗಿ 80 ಸೆಂ.ಮೀ. ಆಗುತ್ತದೆ. ಇದನ್ನೇ ದಶಮಾಂಶದಲ್ಲಿ ಮಾಡಿ 1.125ನ್ನು 1.1 ಎಂದು ಮೊಟಕುಗೊಳಿಸಿದರೆ, ಕಳೆದ ಮೇಲೆ 0.1 ಮಾತ್ರ ಉಳಿದು ಉತ್ತರ 100 ಸೆಂ.ಮೀ.ಗೆ ಜಿಗಿಯುತ್ತದೆ. ಕಳೆಯುವ ಎರಡು ಸಂಖ್ಯೆಗಳು ಹತ್ತಿರ ಹತ್ತಿರ ಇರುವುದರಿಂದ ಸಣ್ಣ ಕಡಿತವೂ ದೊಡ್ಡ ತಪ್ಪಾಗುತ್ತದೆ. ನೀರಿಗೆ 1.33 ಎಂದೇ ಕೊಟ್ಟಿದ್ದರೆ ಸುಮಾರು 78 ಸೆಂ.ಮೀ. ಬರುತ್ತದೆ, ಅದೂ ಸರಿಯೇ.

‘ನೀರಿನಲ್ಲಿ ನಾಲ್ಕು ಪಟ್ಟು’ ಎಂದು ಬಾಯಿಪಾಠ ಮಾಡುವ ಅಡ್ಡದಾರಿ ಬೇಡ. ಸೂಚ್ಯಂಕ 1.6 ಇರುವ ಫ್ಲಿಂಟ್ ಗಾಜಿಗೆ ಇದೇ ಸೂತ್ರ ಮೂರು ಪಟ್ಟನ್ನಷ್ಟೇ ಕೊಡುತ್ತದೆ. ಅಗ್ಗದ ಭೂತಗನ್ನಡಿಗಳಲ್ಲಿ ಹಲವು ಗಾಜಿನವೇ ಅಲ್ಲ, ಪ್ಲಾಸ್ಟಿಕ್ಕಿನವು. ಪ್ರಯೋಗಕ್ಕೆ ಅವನ್ನು ತಂದು ಗಾಜಿನ ಸೂಚ್ಯಂಕ ಹಾಕಿದರೆ ಲೆಕ್ಕವೂ ಅಳತೆಯೂ ಹೊಂದುವುದಿಲ್ಲ. ಅಲ್ಲದೆ ಮಸೂರದ ಎರಡೂ ಮೈ ನೀರಿನಲ್ಲಿರಬೇಕು. ಎರಡೂ ಕಡೆ ಸಮನಾಗಿ ಉಬ್ಬಿದ ನಮ್ಮ 20 ಸೆಂ.ಮೀ. ಮಸೂರದ ಕೆಳಮೈ ಮಾತ್ರ ನೀರನ್ನು ಮುಟ್ಟುವಂತೆ ಹಿಡಿದು ಮೇಲಿನಿಂದ ಬಿಸಿಲು ಬಿಟ್ಟರೆ, ಬೆಳಕು ನೀರಿನೊಳಗೆ 80ರಲ್ಲಿ ಅಲ್ಲ, 40 ಸೆಂ.ಮೀ. ಆಳದಲ್ಲಿ ಕೂಡುತ್ತದೆ.

ಮೂರನೆಯ ಹಂತ ಒಂದಕ್ಕೊಂದು ತಾಗಿಸಿದ ಮಸೂರಗಳ ಸಾಮರ್ಥ್ಯ. ಸಂಗಮದೂರವನ್ನು ಮೀಟರಿನಲ್ಲಿ ಬರೆದು ತಲೆಕೆಳಗು ಮಾಡಿದರೆ ಡಯಾಪ್ಟರ್‌ನಲ್ಲಿ ಸಾಮರ್ಥ್ಯ ಸಿಗುತ್ತದೆ. ತೆಳು ಮಸೂರಗಳು ತಾಗಿಕೊಂಡಿದ್ದರೆ ಸಾಮರ್ಥ್ಯಗಳನ್ನು ಚಿಹ್ನೆ ಸಹಿತ ಕೂಡಿದರಾಯಿತು. ನಮ್ಮ ಪೀನ ಮಸೂರ +5, ಅದಕ್ಕೆ ತಾಗಿಸಿದ 50 ಸೆಂ.ಮೀ. ಸಂಗಮದೂರದ ಫ್ಲಿಂಟ್ ನಿಮ್ನ ಮಸೂರ −2, ಒಟ್ಟು +3 ಡಯಾಪ್ಟರ್. ಜೋಡಿಯ ಸಂಗಮದೂರ ಸುಮಾರು 33 ಸೆಂ.ಮೀ.

ಈ ಜೋಡಿಯನ್ನು ನೀರಿಗಿಳಿಸಿದಾಗ 33ನ್ನು ನಾಲ್ಕರಿಂದ ಗುಣಿಸುವುದು ಎರಡನೆಯ ದೊಡ್ಡ ತಪ್ಪು. ಎರಡರ ಗಾಜು ಬೇರೆ ಬೇರೆಯಾದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ನೀರಿಗಿಳಿಸಿ, ಆಮೇಲೆ ಕೂಡಬೇಕು. ಪೀನ ಮಸೂರದ ಸಂಗಮದೂರ 80 ಸೆಂ.ಮೀ. ಆಗಿ ಸಾಮರ್ಥ್ಯ +1.25ಕ್ಕೆ ಇಳಿಯುತ್ತದೆ, ನಿಮ್ನ ಮಸೂರದ್ದು 150 ಸೆಂ.ಮೀ. ಆಗಿ −0.67ಕ್ಕೆ ಬರುತ್ತದೆ. ಉಳಿದದ್ದು ಸುಮಾರು +0.58 ಡಯಾಪ್ಟರ್, ಅಂದರೆ 171 ಸೆಂ.ಮೀ. ಗುಣಿಸಿದವರಿಗೆ 133 ಬಂದಿರುತ್ತದೆ.

ಪ್ರಯೋಗ ಮಾಡಿಯೇ ನೋಡುವವರು ಮಸೂರಗಳ ನಡುವೆ ಗಾಳಿ ಸಿಕ್ಕಿಕೊಳ್ಳದಂತೆ ಓರೆಯಾಗಿ, ನಿಧಾನವಾಗಿ ಮುಳುಗಿಸಬೇಕು. ಸಮನಾಗಿ ಉಬ್ಬಿದ 20 ಸೆಂ.ಮೀ.ಯ ಎರಡು ಪೀನ ಮಸೂರಗಳನ್ನು ತಾಗಿಸಿ ಮುಳುಗಿಸಿದರೆ ಸಂಗಮದೂರ 40 ಸೆಂ.ಮೀ. ಇರಬೇಕು. ನಡುವಿನ ಸಂದಿಯಲ್ಲಿ ಗಾಳಿ ತುಂಬಿಕೊಂಡಿದ್ದರೆ ಆ ಗಾಳಿಯೇ ಮೂರನೆಯ ಮಸೂರದಂತೆ ವರ್ತಿಸಿ ಅದು 20ಕ್ಕೆ ಇಳಿಯುತ್ತದೆ. ಪಕ್ಕದಿಂದ ಓರೆಯಾಗಿ ನೋಡಿದಾಗ ಸಂದಿ ಬೆಳ್ಳಿಯಂತೆ ಹೊಳೆದರೆ ಒಳಗೆ ಗಾಳಿ ಇದೆಯೆಂದೇ ಅರ್ಥ; ಮೇಲೆತ್ತಿ ಮತ್ತೊಮ್ಮೆ ಮುಳುಗಿಸಿ.