ಮನೆ ದಾಸ್ತಾನಿನ ಮೊದಲ ಪಟ್ಟಿ: ಯಾವ ಕಾಲಂ ಇರಲಿ, ಯಾವುದು ಬೇಡ

ಮನೆಯ ಸಾಮಾನಿಗೆ ಮೊದಲ ಸಲ ಸ್ಪ್ರೆಡ್‌ಶೀಟ್‌ನಲ್ಲಿ ಪಟ್ಟಿ ಮಾಡಲು ಕೂತವರು ಸಾಮಾನ್ಯವಾಗಿ ಹದಿನೈದು ಕಾಲಂ ಎಳೆದುಬಿಡುತ್ತಾರೆ. ಬೆಲೆ, ಕಂಪನಿ, ಬಣ್ಣ, ಕೊಂಡ ಅಂಗಡಿ, ಫೋಟೋ, ವರ್ಗ, ಎಲ್ಲವೂ ಅದರಲ್ಲಿರುತ್ತವೆ. ಇಪ್ಪತ್ತನೇ ಸಾಲಿಗೆ ಬರುವಷ್ಟರಲ್ಲಿ ಅರ್ಧ ಚೌಕಗಳು ಖಾಲಿ ಉಳಿಯುತ್ತವೆ, ಎರಡನೇ ವಾರಕ್ಕೆ ಪಟ್ಟಿಯೇ ನಿಂತುಹೋಗುತ್ತದೆ. ಅದಕ್ಕೇ ಕಾಲಂ ಎಳೆಯುವ ಮೊದಲು ಈ ಪಟ್ಟಿ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಎಂದು ತೀರ್ಮಾನಿಸಿಕೊಳ್ಳಿ. ದಿನಬಳಕೆಯ ಸಾಮಾನಿನ ವಿಷಯದಲ್ಲಿ ಕೇಳುವುದು ಎರಡೇ: ಅದು ಎಲ್ಲಿದೆ, ಈ ಸಲ ತರಬೇಕೋ ಬೇಡವೋ.

ಇವೆರಡಕ್ಕೆ ಏಳು ಕಾಲಂ ಸಾಕು. A ಯಲ್ಲಿ ವಸ್ತುವಿನ ಹೆಸರು, B ಯಲ್ಲಿ ಇಟ್ಟ ಜಾಗ, C ಯಲ್ಲಿ ಎಷ್ಟಿದೆ, D ಯಲ್ಲಿ ಅಳತೆ, E ಯಲ್ಲಿ ಎಷ್ಟಾದರೂ ಇರಲೇಬೇಕು ಎಂಬ ಕನಿಷ್ಠ ಸಂಖ್ಯೆ, F ನಲ್ಲಿ ಎಣಿಸಿದ ದಿನಾಂಕ. ಏಳನೆಯ G ಯನ್ನು ನೀವು ತುಂಬಬೇಕಿಲ್ಲ, ಸೂತ್ರ ತಾನೇ ತುಂಬುತ್ತದೆ.

ಸಂಖ್ಯೆ ಮತ್ತು ಅಳತೆಯನ್ನು ಬೇರೆ ಬೇರೆ ಕಾಲಂನಲ್ಲಿ ಇಡಿ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. "1 ಪ್ಯಾಕೆಟ್" ಎಂದು ಒಂದೇ ಕಡೆ ಬರೆದರೆ ಸ್ಪ್ರೆಡ್‌ಶೀಟ್ ಅದನ್ನು ಅಂಕಿ ಎಂದು ನೋಡುವುದಿಲ್ಲ, ಬರಹ ಎಂದು ನೋಡುತ್ತದೆ. ಹೋಲಿಸುವಾಗ ಬರಹವನ್ನು ಯಾವ ಅಂಕಿಗಿಂತಲೂ ದೊಡ್ಡದೆಂದೇ ಎಣಿಸುತ್ತದೆ. ಹೀಗಾಗಿ ಡಬ್ಬ ಖಾಲಿಯಾಗುತ್ತಾ ಬಂದರೂ ಆ ಸಾಲು "ತರಬೇಕು" ಎನ್ನುವುದೇ ಇಲ್ಲ. ತಪ್ಪಿನ ಸೂಚನೆಯೂ ಬರುವುದಿಲ್ಲ. ಗುರುತು ಹಿಡಿಯಲು ಒಂದು ಉಪಾಯವಿದೆ: ಎಡ-ಬಲ ಜೋಡಣೆಯನ್ನು ನೀವು ಬದಲಿಸಿರದ ಕಾಲಂನಲ್ಲಿ ಅಂಕಿ ಬಲಕ್ಕೆ ಸರಿದು ನಿಲ್ಲುತ್ತದೆ, ಬರಹ ಎಡಕ್ಕೆ ನಿಲ್ಲುತ್ತದೆ.

ಖಾಲಿ ಚೌಕವೂ ಹೀಗೇ ಮೋಸ ಮಾಡುತ್ತದೆ. ಎಣಿಸದೆ ಬಿಟ್ಟದ್ದನ್ನು ಸೂತ್ರ ಸೊನ್ನೆ ಎಂದು ತಿಳಿದು, ಇರುವ ಸಾಮಾನನ್ನೇ ಮತ್ತೆ ತರಿಸುತ್ತದೆ. ಆದ್ದರಿಂದ ನಿಜವಾಗಿ ಮುಗಿದಿದ್ದರೆ 0 ಎಂದು ಬರೆಯಿರಿ, ಎಣಿಸಿಲ್ಲದಿದ್ದರೆ ಖಾಲಿ ಬಿಡಿ, G2 ನಲ್ಲಿ ಇದನ್ನು ಹಾಕಿ ಕೆಳಗಿನ ಸಾಲುಗಳಿಗೂ ಎಳೆಯಿರಿ:

```
=IF(C2="","ಎಣಿಸಿ",IF(C2<E2,"ತರಬೇಕು",""))
```

ಕನಿಷ್ಠ ಸಂಖ್ಯೆಯನ್ನು ಅಂದಾಜಿನಲ್ಲಿ ಬರೆಯಬೇಡಿ. ಬಟ್ಟೆ ಒಗೆಯುವ ಪುಡಿಯನ್ನೇ ತೆಗೆದುಕೊಳ್ಳಿ. ಒಂದು ಕಿಲೋ ಪ್ಯಾಕೆಟ್ 20 ದಿನ ಬರುತ್ತದೆ, ಸಾಮಾನು ತರುವುದು 30 ದಿನಕ್ಕೊಮ್ಮೆ ಎಂದಿಟ್ಟುಕೊಳ್ಳೋಣ. 30 ನ್ನು 20 ರಿಂದ ಭಾಗಿಸಿದರೆ ಒಂದೂವರೆ ಪ್ಯಾಕೆಟ್ ಬೇಕು, ಮೇಲಕ್ಕೆ ಏರಿಸಿದರೆ 2. ಎಣಿಸುವಾಗ ಒಡೆಯದ ಪ್ಯಾಕೆಟ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಡೆದದ್ದರಲ್ಲಿ ಕಾಲು ಉಳಿದಿದೆಯೋ ಮುಕ್ಕಾಲೋ ಎಂದು ಅಳೆಯುತ್ತಾ ಕೂತರೆ ಕೆಲಸ ಸಾಗುವುದಿಲ್ಲ, ಅದು ಕೈಯಾಸರೆಗೆ ಇರಲಿ. ಒಡೆಯದ್ದು ಎರಡಿದ್ದರೆ 40 ದಿನಕ್ಕೆ ಆಯಿತು, ಈ ಸಲ ಬೇಡ. ಒಂದೇ ಇದ್ದರೆ G ಯಲ್ಲಿ "ತರಬೇಕು" ಎಂದು ಬರುತ್ತದೆ.

ಇನ್ನು ಬಿಡಬೇಕಾದವು. ಬೆಲೆ ಪ್ರತಿ ಸಲವೂ ಬದಲಾಗುತ್ತದೆ, ತರಬೇಕೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಅದರ ಜಾಗ ಖರ್ಚಿನ ಪುಸ್ತಕ. ವರ್ಗದ ಕಾಲಂ ಐವತ್ತು ಅರವತ್ತು ಸಾಲಿನ ಪಟ್ಟಿಗೆ ಬೇಡ, ಜಾಗದ ಪ್ರಕಾರ ಜೋಡಿಸಿದರೆ ಅದೇ ಕೆಲಸ ಆಗುತ್ತದೆ, ಕಪಾಟಿನ ಮುಂದೆ ನಿಂತು ಎಣಿಸಲೂ ಅನುಕೂಲ. ಫ್ರಿಜ್, ವಾಷಿಂಗ್ ಮಷಿನ್‌ಗಳ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಬಿಲ್ಲಿನ ದಿನಾಂಕ ಬರೆದಿಡುವುದು ಒಳ್ಳೆಯದೇ, ಆದರೆ ಅದು ವಾರಂಟಿ, ವಿಮೆಗೆ ಬೇಕಾದ ಬೇರೆಯೇ ಪಟ್ಟಿ. ಎರಡನ್ನೂ ಕಲಸಿದರೆ ಸಾಬೂನಿನ ಸಾಲಿನಲ್ಲಿ ಸೀರಿಯಲ್ ನಂಬರ್ ಖಾಲಿ, ಫ್ರಿಜ್‌ನ ಸಾಲಿನಲ್ಲಿ ಕನಿಷ್ಠ ಸಂಖ್ಯೆ ಖಾಲಿ.

ಎಕ್ಸ್‌ಪೈರಿ ದಿನಾಂಕದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನಿಸಿ. ಬಟ್ಟೆ ಒಗೆಯುವ ಪುಡಿ, ಬಲ್ಬುಗಳಿಗೆ ಅದು ಬೇಕಿಲ್ಲ, ಔಷಧಿಗೆ ಬೇಕೇ ಬೇಕು. ಆದರೆ ಒಂದೇ ಮಾತ್ರೆಯ ಎರಡು ಸ್ಟ್ರಿಪ್‌ಗಳಲ್ಲಿ ಒಂದು ಮಾರ್ಚ್‌ಗೆ, ಇನ್ನೊಂದು ನವೆಂಬರ್‌ಗೆ ಮುಗಿಯುವುದಿದ್ದರೆ, ಒಂದೇ ಸಾಲಿನಲ್ಲಿ ಯಾವ ದಿನಾಂಕ ಬರೆದರೂ ಇನ್ನೊಂದಕ್ಕೆ ಅದು ಸುಳ್ಳಾಗುತ್ತದೆ. ದಿನಾಂಕಕ್ಕೊಂದು ಸಾಲು ಮಾಡಿದರೆ ಮೇಲಿನ ಸೂತ್ರ ಪ್ರತಿ ಸಾಲನ್ನೂ ಬೇರೆಯಾಗಿ ಹೋಲಿಸಿ ಸುಮ್ಮನೆ "ತರಬೇಕು" ಎನ್ನುತ್ತದೆ. ಔಷಧಿಗೆ ಪ್ರತ್ಯೇಕ ಹಾಳೆ ಮಾಡಿ, ಹೆಸರು, ಎಷ್ಟಿದೆ, ಎಕ್ಸ್‌ಪೈರಿ, ಜಾಗ ಎಂಬ ನಾಲ್ಕೇ ಕಾಲಂ ಇಟ್ಟು, ದಿನಾಂಕದ ಕ್ರಮದಲ್ಲಿ ಜೋಡಿಸಿ. ಮೊದಲು ಮುಗಿಯುವುದು ಮೇಲೆ ಬರುತ್ತದೆ.

ಇಡೀ ಮನೆ ಎಣಿಸಲು ಹೊರಡುವ ಮುನ್ನ ಒಂದೇ ಕಪಾಟಿನ ಹತ್ತು ವಸ್ತು ತುಂಬಿ ನೋಡಿ. ಹತ್ತರಲ್ಲಿ ಏಳು ಸಾಲಿಗೆ ಒಂದು ಕಾಲಂ ಖಾಲಿ ಉಳಿದರೆ ಅದನ್ನು ತೆಗೆಯಿರಿ. ಹೊಸ ಕಾಲಂ ಸೇರಿಸಬೇಕೆನಿಸಿದರೆ, ಅದಿಲ್ಲದೆ ಎರಡು ಸಲ ಕೆಲಸ ಕೆಟ್ಟಿದೆಯೇ ನೋಡಿಕೊಂಡು ಸೇರಿಸಿ. ಅಲ್ಲಿಯವರೆಗೆ ಅಂಥ ವಿವರಗಳಿಗೆ ಕೊನೆಯಲ್ಲಿ "ಟಿಪ್ಪಣಿ" ಎಂಬ ಒಂದು ಕಾಲಂ ಸಾಕು.